ಚಿಕ್ಕ ಪ್ಯಾಕೆಟೋ ದೊಡ್ಡ ಪ್ಯಾಕೆಟೋ: ಕೆಜಿಗೆ ಎಷ್ಟು ಬಿತ್ತು ಎಂದು ನೋಡುವ ಬಗೆ

ಒಂದೇ ಬೇಳೆ, ಒಂದೇ ಎಣ್ಣೆ, ಒಂದೇ ಅವಲಕ್ಕಿ ಅಂಗಡಿಯ ಒಂದೇ ಸಾಲಿನಲ್ಲಿ ಮೂರ್ನಾಲ್ಕು ಅಳತೆಯ ಪ್ಯಾಕೆಟ್‌ಗಳಲ್ಲಿ ಇರುತ್ತದೆ. ಅವುಗಳಲ್ಲಿ ಯಾವುದು ಅಗ್ಗ ಎಂಬುದನ್ನು ಎಂಆರ್‌ಪಿ ಒಂದೇ ಹೇಳಲಾರದು, ಪ್ಯಾಕೆಟ್‌ನ ಗಾತ್ರವಂತೂ ಹೇಳುವುದೇ ಇಲ್ಲ. ಕೊಟ್ಟ ಹಣವನ್ನು ಒಳಗಿರುವ ನಿವ್ವಳ ತೂಕದಿಂದ ಭಾಗಿಸಿ, ಎಲ್ಲವನ್ನೂ ಒಂದು ಕೆಜಿಯ ಬೆಲೆಗೆ ತಂದ ಮೇಲಷ್ಟೇ ಹೋಲಿಕೆ ಸಾಧ್ಯ. ಇದು ಎಲ್ಲರಿಗೂ ಗೊತ್ತಿರುವ ಮಾತೇ ಆದರೂ, ಲೆಕ್ಕ ಹಾಕುವವರೂ ಮೂರು ಕಡೆ ತಪ್ಪುವುದನ್ನು ದಾವಣಗೆರೆಯ ಅಂಗಡಿಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ: ಪ್ಯಾಕೆಟ್ ಮೇಲೆ ಅಚ್ಚಾದ ಗ್ರಾಂ ದರವನ್ನು ಹಾಗೇ ನಂಬುವುದು, ದೊಡ್ಡದು ಅಗ್ಗವೇ ಇರಬೇಕು ಎಂದುಕೊಳ್ಳುವುದು, ಎಣ್ಣೆ ತುಪ್ಪದಲ್ಲಿ ಲೀಟರನ್ನೂ ಕೆಜಿಯನ್ನೂ ಒಂದೇ ಎಂದು ಭಾವಿಸುವುದು. ಈ ಬರಹ ಮುಖ್ಯವಾಗಿ ಈ ಮೂರರ ಬಗ್ಗೆ. ಇಲ್ಲಿ ಬರುವ ಬೆಲೆಗಳೆಲ್ಲ ಲೆಕ್ಕ ತೋರಿಸುವುದಕ್ಕೆಂದು ಹಿಡಿದವು. ಇವತ್ತಿನ ಪೇಟೆ ಧಾರಣೆ ಎಂದು ಯಾರೂ ಓದಬಾರದು.

ಪ್ಯಾಕೆಟ್ ಮೇಲಿನ ಗ್ರಾಂ ದರ

ಪ್ಯಾಕೆಟ್ ಸಾಮಾನುಗಳ ಮೇಲೆ ಏನೇನು ಬರೆದಿರಬೇಕು ಎಂಬುದನ್ನು ಕೇಂದ್ರ ಸರ್ಕಾರದ 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳ) ನಿಯಮಗಳು ನಿಗದಿ ಮಾಡಿವೆ. 2021ರ ನವೆಂಬರ್‌ನಲ್ಲಿ ಆ ನಿಯಮಗಳಿಗೆ ತಂದ ತಿದ್ದುಪಡಿಯಲ್ಲಿ, ಎಂಆರ್‌ಪಿಯ ಜೊತೆಗೆ ಒಂದು ಘಟಕದ ಮಾರಾಟ ಬೆಲೆಯನ್ನೂ ಅಚ್ಚು ಹಾಕಬೇಕು ಎಂದಾಯಿತು. ಈಗ ಪ್ಯಾಕೆಟ್‌ಗಳ ಮೇಲೆ ಎಂಆರ್‌ಪಿ, ಬ್ಯಾಚ್ ನಂಬರು, ತಯಾರಾದ ದಿನಾಂಕಗಳ ಪಕ್ಕದಲ್ಲಿ ‘ಯುಎಸ್‌ಪಿ’ ಎಂಬ ಮೂರಕ್ಷರದ ಮುಂದೆ ಕಾಣುವ ಸಣ್ಣ ಅಂಕಿ ಅದೇ. ಅದನ್ನು ಸಾಮಾನ್ಯವಾಗಿ ಚುಕ್ಕೆ ಚುಕ್ಕೆಯ ಕಪ್ಪು ಶಾಯಿಯಲ್ಲಿ, ಪೌಚಿನ ಬೆಸುಗೆಯ ಅಂಚಿನಲ್ಲಿ ಅಥವಾ ಬಾಟಲಿಯ ಕುತ್ತಿಗೆಯ ಹತ್ತಿರ ಹೊಡೆದಿರುತ್ತಾರೆ. ಎಣ್ಣೆ ಪೌಚುಗಳಲ್ಲಂತೂ ಬೆರಳು ತಾಗಿ ಅರ್ಧ ಅಳಿಸಿಯೇ ಹೋಗಿರುತ್ತದೆ. ಆದರೂ ಹುಡುಕಿ ಓದುವುದಕ್ಕೆ ಯೋಗ್ಯವಾದ ಅಂಕಿ ಅದು.

ಆದರೆ ಅದನ್ನು ಓದುವಾಗ ನಿಯಮದ ಎರಡು ವಿವರಗಳು ನೆನಪಿರಬೇಕು. ಮೊದಲನೆಯದು, ನಿವ್ವಳ ತೂಕ ಒಂದು ಕೆಜಿಗಿಂತ ಕಡಿಮೆ ಇದ್ದರೆ ದರವನ್ನು ಗ್ರಾಂ ಲೆಕ್ಕದಲ್ಲಿ, ಹೆಚ್ಚಿದ್ದರೆ ಕೆಜಿ ಲೆಕ್ಕದಲ್ಲಿ ಬರೆಯುತ್ತಾರೆ. ದ್ರವಗಳಿಗೆ ಇದೇ ರೀತಿ ಮಿಲಿಲೀಟರ್ ಮತ್ತು ಲೀಟರ್. ಸರಿಯಾಗಿ ಒಂದು ಕೆಜಿ ಇದ್ದರೆ ಎಂಆರ್‌ಪಿಯೇ ಕೆಜಿ ದರ ಆಗುವುದರಿಂದ ಬೇರೆ ಬರೆಯಬೇಕಿಲ್ಲ. ಹೀಗಾಗಿ ಒಂದೇ ಕಂಪನಿಯ ಅರ್ಧ ಕೆಜಿ ಪ್ಯಾಕೆಟ್ ಮೇಲೆ 0.16 ಎಂದೂ, ಎರಡು ಕೆಜಿ ಪ್ಯಾಕೆಟ್ ಮೇಲೆ 162.00 ಎಂದೂ ಇರುತ್ತದೆ. ಗ್ರಾಂ ದರವನ್ನು ಸಾವಿರದಿಂದ ಗುಣಿಸಿದರೆ ಎರಡೂ ಒಂದೇ ಅಳತೆಗೆ ಬರುತ್ತವೆ ಎಂಬುದು ನಿಜ, ಆದರೆ ಪೆಟ್ಟು ಬೀಳುವುದೇ ಆ ಗುಣಾಕಾರದಲ್ಲಿ, ಏಕೆಂದರೆ ಎರಡನೆಯ ವಿವರ ಅಲ್ಲಿ ಅಡಗಿದೆ. ಈ ದರವನ್ನು ಎರಡು ದಶಾಂಶ ಸ್ಥಾನಕ್ಕೆ, ಅಂದರೆ ಹತ್ತಿರದ ಪೈಸೆಗೆ, ಸರಿಹೊಂದಿಸಿ ಬರೆಯಬೇಕು ಎಂದು ನಿಯಮವೇ ಹೇಳುತ್ತದೆ. ಗ್ರಾಂ ದರದಲ್ಲಿ ಅರ್ಧ ಪೈಸೆ ಈ ಕಡೆಯೋ ಆ ಕಡೆಯೋ ಸರಿದರೆ, ಕೆಜಿಗೆ ಅದು ಐದು ರೂಪಾಯಿ ಆಗುತ್ತದೆ.

ತೊಗರಿಬೇಳೆಯಲ್ಲಿ ಇದನ್ನು ಬಿಡಿಸಿ ನೋಡೋಣ. ಅರ್ಧ ಕೆಜಿ ಪ್ಯಾಕೆಟ್‌ಗೆ 82 ರೂಪಾಯಿ, ಎರಡು ಕೆಜಿ ಪ್ಯಾಕೆಟ್‌ಗೆ 324 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. 82ನ್ನು 500ರಿಂದ ಭಾಗಿಸಿದರೆ 0.164 ಬರುತ್ತದೆ, ಅಚ್ಚಾಗುವುದು 0.16. ಅದನ್ನು ಸಾವಿರದಿಂದ ಗುಣಿಸಿದವರಿಗೆ ಚಿಕ್ಕ ಪ್ಯಾಕೆಟ್ ಕೆಜಿಗೆ 160 ರೂಪಾಯಿ ಬಿತ್ತು, ದೊಡ್ಡದು 162 ಬಿತ್ತು, ಆದ್ದರಿಂದ ಚಿಕ್ಕದೇ ಅಗ್ಗ ಎಂದು ಕಾಣುತ್ತದೆ. ವಾಸ್ತವದಲ್ಲಿ ಚಿಕ್ಕದು ಕೆಜಿಗೆ 164, ದೊಡ್ಡದೇ ಅಗ್ಗ. ಕಂಪನಿಯವರು ಇಲ್ಲಿ ಮೋಸವನ್ನೇನೂ ಮಾಡಿಲ್ಲ, ನಿಯಮದಂತೆಯೇ ಅಚ್ಚು ಹಾಕಿದ್ದಾರೆ. ಎಂಆರ್‌ಪಿ 82ನ್ನು ಎರಡರಿಂದ ಗುಣಿಸಿದ್ದರೆ ಸರಿಯಾದ 164 ನೇರವಾಗಿ ಸಿಗುತ್ತಿತ್ತು.

ಈ ಸರಿಹೊಂದಿಕೆಯ ವ್ಯತ್ಯಾಸ ಅಗ್ಗದ ಸಾಮಾನಿನಲ್ಲಿ ದೊಡ್ಡದು, ದುಬಾರಿ ಸಾಮಾನಿನಲ್ಲಿ ಚಿಕ್ಕದು. ಅರ್ಧ ಕೆಜಿ ಅವಲಕ್ಕಿ ಒಂದು ಕಡೆ 28 ರೂಪಾಯಿ, ಇನ್ನೊಂದು ಕಡೆ 32 ರೂಪಾಯಿ ಇದ್ದರೆ ಎರಡರ ಮೇಲೂ ಗ್ರಾಂಗೆ 0.06 ಎಂದೇ ಅಚ್ಚಾಗಿರುತ್ತದೆ. ಒಂದು ಕೆಜಿಗೆ 56, ಇನ್ನೊಂದು 64. ಉಪ್ಪು, ಮಂಡಕ್ಕಿ, ರವೆ, ಹಿಟ್ಟುಗಳಲ್ಲಿ ಒಂದು ಕೆಜಿಗಿಂತ ಕಡಿಮೆಯ ಪ್ಯಾಕೆಟ್ ಕೊಳ್ಳುವಾಗ ಆ ಅಂಕಿಯಿಂದ ಪ್ರಯೋಜನವಿಲ್ಲ ಎಂದೇ ನಾನು ಹೇಳುತ್ತೇನೆ. ಆದರೆ 100 ಗ್ರಾಂಗೆ 38 ರೂಪಾಯಿ ಇರುವ ಜೀರಿಗೆಯ ಮೇಲೆ 0.38 ಎಂದಿದ್ದರೆ, 380 ರೂಪಾಯಿಯಲ್ಲಿ ಐದು ರೂಪಾಯಿ ಆಚೀಚೆ ಎಂದರೆ ಅಷ್ಟೇನೂ ಅಲ್ಲ. ಮೆಣಸು, ಏಲಕ್ಕಿ, ಗೋಡಂಬಿ, ಕಾಫಿಪುಡಿಗಳಲ್ಲಿ ಅಚ್ಚಾದ ದರವನ್ನು ಧೈರ್ಯವಾಗಿ ಹೋಲಿಸಬಹುದು.

ಇನ್ನೊಂದು ಮಾತು: ಆ ದರ ಎಂಆರ್‌ಪಿಯ ಮೇಲೆ ಕಟ್ಟಿದ್ದು, ನೀವು ಕೊಡುವ ಹಣದ ಮೇಲಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಐದು ಕೆಜಿ ಹಿಟ್ಟಿನ ಮೇಲೆ 290 ಎಂಆರ್‌ಪಿ ಇದ್ದು 245ಕ್ಕೆ ಮಾರುತ್ತಿದ್ದರೆ, ಅಚ್ಚಾದ 58 ರೂಪಾಯಿಗೆ ಅರ್ಥವಿಲ್ಲ; ನಿಮಗೆ ಬಿದ್ದದ್ದು 49. ರಿಯಾಯಿತಿ ಎಲ್ಲ ಅಳತೆಗಳ ಮೇಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವಾದ್ದರಿಂದ, ಎಂಆರ್‌ಪಿಯಲ್ಲಿ ಅಗ್ಗವಾಗಿದ್ದ ಪ್ಯಾಕೆಟ್ ಬಿಲ್ಲಿನಲ್ಲಿ ದುಬಾರಿ ಆಗುವುದು ಸಾಮಾನ್ಯ. ಆದ್ದರಿಂದ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಅಂಕಿಗಳು ಎರಡೇ: ಕೈಯಿಂದ ಹೋಗುವ ರೂಪಾಯಿ ಮತ್ತು ಪ್ಯಾಕೆಟ್‌ನಲ್ಲಿ ಬರೆದ ನಿವ್ವಳ ತೂಕ.

```
ಕೆಜಿಗೆ ಬೆಲೆ = ಕೊಡುವ ಹಣ ÷ ಗ್ರಾಂ × 1000
```

ಭಾಗಾಕಾರವಿಲ್ಲದೆ ಹೋಲಿಸುವುದು

ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ಇದ್ದೇ ಇದೆ. ಆದರೆ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪ್ಯಾಕೆಟ್ ಹಿಡಿದಿರುವಾಗ ಬಾಯಿಲೆಕ್ಕವೇ ಬೇಗ ಆಗುತ್ತದೆ. 500 ಗ್ರಾಂಗೆ ಎರಡರಿಂದ, 250ಕ್ಕೆ ನಾಲ್ಕರಿಂದ, 200ಕ್ಕೆ ಐದರಿಂದ ಗುಣಿಸುವುದು ಸುಲಭ. ಕಷ್ಟ ಬರುವುದು 450, 475, 850ರಂಥ ತೂಕಗಳಲ್ಲಿ. ಮೊದಲು ಬಿಸ್ಕತ್ತು, ಚಹಾ, ಎಣ್ಣೆ ಮುಂತಾದ ಕೆಲವು ಸಾಮಾನುಗಳನ್ನು ಇಂತಿಂಥ ತೂಕಗಳಲ್ಲೇ ಪ್ಯಾಕ್ ಮಾಡಬೇಕೆಂಬ ಪಟ್ಟಿ ನಿಯಮದಲ್ಲಿತ್ತು. ಅದೇ 2021ರ ತಿದ್ದುಪಡಿ ಆ ಪಟ್ಟಿಯನ್ನು ತೆಗೆದುಹಾಕಿತು. ತಯಾರಕರು ಈಗ ಯಾವ ತೂಕದಲ್ಲಿ ಬೇಕಾದರೂ ಪ್ಯಾಕ್ ಮಾಡಬಹುದಾದ್ದರಿಂದ, ಕಣ್ಣಿಗೆ ಅರ್ಧ ಕೆಜಿಯಂತೆ ಕಾಣುವ ಪ್ಯಾಕೆಟ್ ಅರ್ಧ ಕೆಜಿಯೇ ಇರಬೇಕೆಂದಿಲ್ಲ.

ಅಂಥ ತೂಕಗಳಿಗೆ ನಮ್ಮ ಹಿರಿಯರು ಸಂತೆಯಲ್ಲಿ ಮಾಡುತ್ತಿದ್ದ ಕಟ್ಟುವ ಲೆಕ್ಕವೇ ಚೆನ್ನ. ಚಿಕ್ಕ ಪ್ಯಾಕೆಟ್‌ನ ದರದಲ್ಲಿ ದೊಡ್ಡದಕ್ಕೆ ಎಷ್ಟಾಗಬೇಕಿತ್ತು ಎಂದು ತುಂಡು ತುಂಡಾಗಿ ಕೂಡಿಸುತ್ತ ಹೋಗುವುದು. 200 ಗ್ರಾಂ ಚಹಾಪುಡಿಗೆ 46 ರೂಪಾಯಿ, 450 ಗ್ರಾಂ ಪ್ಯಾಕೆಟ್‌ಗೆ 108 ರೂಪಾಯಿ ಇದೆ. 200ಕ್ಕೆ 46, ಇನ್ನೂ 200ಕ್ಕೆ 46, ಸೇರಿ 92. ಉಳಿದ 50 ಗ್ರಾಂ ಎಂದರೆ 46ರ ಕಾಲು ಭಾಗ, ಹನ್ನೊಂದೂವರೆ. ಒಟ್ಟು 103 ರೂಪಾಯಿ 50 ಪೈಸೆ. ದೊಡ್ಡದಕ್ಕೆ 108 ಕೇಳುತ್ತಿದ್ದಾರೆ, ಆದ್ದರಿಂದ ಚಿಕ್ಕದೇ ಅಗ್ಗ. ಕೆಜಿ ಬೆಲೆ ಎಷ್ಟೆಂದು ತಿಳಿಯುವ ಅಗತ್ಯವೇ ಇಲ್ಲದೆ ತೀರ್ಮಾನ ಸಿಕ್ಕಿತು.

‘ಶೇ 20 ಹೆಚ್ಚುವರಿ’ ಎಂದು ಬರೆದ ಪ್ಯಾಕೆಟ್‌ಗೂ ಇದೇ ಕ್ರಮ. 500 ಗ್ರಾಂ ಬೆಲೆಯಲ್ಲಿ 600 ಗ್ರಾಂ ಕೊಟ್ಟರೆ ಬೆಲೆ ಶೇ 20 ಇಳಿದಂತೆ ಅಲ್ಲ, ಸುಮಾರು ಶೇ 17ರಷ್ಟು ಇಳಿದಂತೆ. ದೊಡ್ಡಕ್ಷರದ ಶೇಕಡಾವನ್ನು ಬಿಟ್ಟು, ನಿವ್ವಳ ತೂಕ ಎಂದು ಬರೆದ ಕಡೆಯ 600ನ್ನೇ ಹಿಡಿದು ಭಾಗಿಸಬೇಕು.

ದೊಡ್ಡದು ಅಗ್ಗವಾಗದ ಸಂದರ್ಭಗಳು

ದೊಡ್ಡ ಪ್ಯಾಕೆಟ್‌ನಲ್ಲಿ ಕೆಜಿಗೆ ತಗಲುವ ಪ್ಯಾಕಿಂಗ್ ಖರ್ಚು ಸಾಮಾನ್ಯವಾಗಿ ಕಡಿಮೆ, ಹೀಗಾಗಿ ಬೇಳೆ, ಸಕ್ಕರೆ, ಹಿಟ್ಟುಗಳಲ್ಲಿ ದೊಡ್ಡದೇ ಅಗ್ಗ ಇರುವುದು ಹೆಚ್ಚು. ಆದರೆ ಐದು ರೂಪಾಯಿ, ಹತ್ತು ರೂಪಾಯಿ ಪ್ಯಾಕೆಟ್‌ಗಳ ಲೋಕ ಬೇರೆ. ಅಲ್ಲಿ ತಯಾರಕರು ಮೊದಲು ಬೆಲೆಯನ್ನು ಗಟ್ಟಿ ಮಾಡಿಕೊಂಡು, ಆ ಬೆಲೆಗೆ ಎಷ್ಟು ತೂಕ ಕೊಡಬಹುದು ಎಂದು ಆಮೇಲೆ ಲೆಕ್ಕ ಹಾಕುತ್ತಾರೆ. ದಿನಗೂಲಿಯಲ್ಲಿ ಸಂಸಾರ ನಡೆಸುವವರು, ಹಳ್ಳಿಯ ಗೂಡಂಗಡಿಯಲ್ಲಿ ಕೊಳ್ಳುವವರು ಕೈಯಲ್ಲಿರುವ ನೋಟಿಗೆ ತಕ್ಕಂತೆ ಕೊಳ್ಳುವುದರಿಂದ ಆ ಬೆಲೆಗಳಲ್ಲೇ ಕಂಪನಿಗಳ ನಡುವೆ ಪೈಪೋಟಿ ಜೋರು. ಹೀಗಾಗಿ ಹತ್ತು ರೂಪಾಯಿಗೆ 75 ಗ್ರಾಂ ಬಿಸ್ಕತ್ತು ಸಿಕ್ಕರೆ ಕೆಜಿಗೆ 133 ರೂಪಾಯಿ ಬಿತ್ತು. ಅದೇ ಬಿಸ್ಕತ್ತಿನ ‘ಫ್ಯಾಮಿಲಿ ಪ್ಯಾಕ್’ 250 ಗ್ರಾಂಗೆ 40 ರೂಪಾಯಿ ಇದ್ದರೆ ಕೆಜಿಗೆ 160. ಶಾಂಪೂವಿನಲ್ಲಿ ಈ ಅಂತರ ಇನ್ನೂ ಹೆಚ್ಚು: ಎರಡು ರೂಪಾಯಿ ಸ್ಯಾಶೆಯಲ್ಲಿ 6 ಮಿಲಿ ಇದ್ದರೆ ನೂರು ಮಿಲಿಗೆ 33 ರೂಪಾಯಿ, 180 ಮಿಲಿ ಬಾಟಲಿಗೆ 130 ರೂಪಾಯಿ ಇದ್ದರೆ ನೂರು ಮಿಲಿಗೆ 72. ಬಾಟಲಿ ಕೊಳ್ಳುವವರು ಶಾಂಪೂವಿಗಿಂತ ಬಾಟಲಿ, ಮುಚ್ಚಳ ಮತ್ತು ಅನುಕೂಲಕ್ಕೆ ಹೆಚ್ಚು ಹಣ ಕೊಡುತ್ತಾರೆ.

ಹೀಗೆ ಬೆಲೆ ಗಟ್ಟಿಯಾಗಿರುವ ಪ್ಯಾಕೆಟ್‌ನಲ್ಲಿ, ಕಚ್ಚಾ ಮಾಲಿನ ಧಾರಣೆ ಏರಿದಾಗ ಬದಲಾಗುವುದು ತೂಕ. ಹತ್ತು ರೂಪಾಯಿ ಹತ್ತೇ ಇರುತ್ತದೆ, 75 ಗ್ರಾಂ 65 ಆಗಿರುತ್ತದೆ. ಆಗ ಕೆಜಿಗೆ 133 ಇದ್ದದ್ದು 154 ಆಯಿತು. ಹೊದಿಕೆಯ ಬಣ್ಣವಾಗಲಿ ಉದ್ದವಾಗಲಿ ಬದಲಾಗದೆ ಇರಬಹುದು. ಆದ್ದರಿಂದ ಒಮ್ಮೆ ಮಾಡಿಟ್ಟ ಹೋಲಿಕೆ ಬಹುಕಾಲ ನಿಲ್ಲುವುದಿಲ್ಲ. ಬೆಲೆ ಏರಿದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ, ತೂಕ ಇಳಿದದ್ದು ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.

ಅಕ್ಕಿಯಲ್ಲಿ ಇನ್ನೊಂದು ಬಗೆಯ ಕಾರಣವಿದೆ, ಅದು ತೆರಿಗೆಯದು. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟುಗಳು 25 ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದ ಚೀಲದಲ್ಲಿದ್ದರೆ ಶೇ 5 ಜಿಎಸ್‌ಟಿ ಎಂದಾಯಿತು. 25 ಕೆಜಿ ಮೀರಿದ ಚೀಲಕ್ಕೆ ಅದು ಇಲ್ಲ. ಅಕ್ಕಿ ಅಂಗಡಿಗಳಲ್ಲಿ 26 ಕೆಜಿ ಚೀಲಗಳು ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ. 25 ಕೆಜಿ ಚೀಲಕ್ಕೆ 1,450 ರೂಪಾಯಿ, 26 ಕೆಜಿಯದಕ್ಕೆ 1,482 ರೂಪಾಯಿ ಎಂದರೆ ಎರಡನೆಯದು 32 ರೂಪಾಯಿ ಹೆಚ್ಚು ಎಂದು ಅನ್ನಿಸುತ್ತದೆ. ಭಾಗಿಸಿದರೆ ಮೊದಲನೆಯದು ಕೆಜಿಗೆ 58, ಎರಡನೆಯದು 57. ಚೀಲಗಳು ನೋಡಲು ಒಂದೇ ಗಾತ್ರ ಇರುವುದರಿಂದ, ಅಂಗಡಿಯವರು ಹೇಳಿದ ಬೆಲೆ ಯಾವ ತೂಕಕ್ಕೆ ಎಂದು ಕೇಳಿ, ಚೀಲದ ಮೇಲೆ ಓದಿಯೇ ಲೆಕ್ಕ ಹಾಕಬೇಕು. ಅಕ್ಕಿಯ ತಳಿಯೂ ಹಳತು ಹೊಸತೂ ಒಂದೇ ಆಗಿದ್ದರೆ ಮಾತ್ರ ಈ ಹೋಲಿಕೆಗೆ ಬೆಲೆ ಇದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಎಣ್ಣೆಯಲ್ಲಿ ಲೀಟರ್ ಬೇರೆ, ಕೆಜಿ ಬೇರೆ

ನಮ್ಮ ಕಡೆಯ ಅಡುಗೆಮನೆಯಲ್ಲಿ ತಿಂಗಳ ಸಾಮಾನಿನ ದೊಡ್ಡ ಖರ್ಚುಗಳಲ್ಲಿ ಶೇಂಗಾ ಎಣ್ಣೆ ಒಂದು. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆ ಹತ್ತಿರದಲ್ಲೇ ಇರುವುದರಿಂದ ದಾವಣಗೆರೆ ಚಿತ್ರದುರ್ಗಗಳಲ್ಲಿ ಪೌಚು, ಕ್ಯಾನು, ಟಿನ್ನು, ಗಾಣದಿಂದ ನೇರ, ಹೀಗೆ ಎಲ್ಲ ರೂಪದಲ್ಲೂ ಸಿಗುತ್ತದೆ. ಇವುಗಳಲ್ಲಿ ಕೆಲವಕ್ಕೆ ಲೀಟರ್ ಲೆಕ್ಕ, ಕೆಲವಕ್ಕೆ ಕೆಜಿ ಲೆಕ್ಕ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ನೀರು ಒಂದು ಕೆಜಿ ತೂಗಿದರೆ, ಒಂದು ಲೀಟರ್ ಅಡುಗೆ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಶೇಂಗಾ, ಸೂರ್ಯಕಾಂತಿ, ಸೋಯಾ ಎಣ್ಣೆಗಳ ನಡುವೆ ಇದರಲ್ಲಿ ಅಂತರ ಅತ್ಯಲ್ಪ. ಆದ್ದರಿಂದ ಲೀಟರ್ ಬೆಲೆಯನ್ನು 0.91ರಿಂದ ಭಾಗಿಸಿದರೆ ಕೆಜಿ ಬೆಲೆ ಸಿಗುತ್ತದೆ. ಬಾಯಿಲೆಕ್ಕಕ್ಕೆ ಲೀಟರ್ ಬೆಲೆಗೆ ಅದರ ಹತ್ತನೆಯ ಒಂದು ಭಾಗ ಸೇರಿಸಿದರೆ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತದೆ.

ಎಲ್ಲವನ್ನೂ ಕೆಜಿಗೇ ತರಬೇಕು, ಲೀಟರ್‌ಗಲ್ಲ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ, ತೂಕ ಮಾತ್ರ ಬದಲಾಗುವುದಿಲ್ಲ. ಕೆಲವು ತಯಾರಕರು ಹಿಂದೆ ‘ಇಷ್ಟು ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್’ ಎಂದು ಬರೆಯುತ್ತಿದ್ದರು. ಉಷ್ಣತೆ ಹೆಚ್ಚು ಎಂದು ತೋರಿಸಿದಷ್ಟೂ ಒಂದು ಲೀಟರ್‌ಗೆ ಬೇಕಾದ ಎಣ್ಣೆಯ ತೂಕ ಕಡಿಮೆಯಾಗುತ್ತದೆ. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಲೀಟರ್‌ಗೆ 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 892.6 ಗ್ರಾಂ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ 2022ರಲ್ಲಿ ವಿವರಿಸಿ, ಉಷ್ಣತೆಯ ಉಲ್ಲೇಖ ಬಿಟ್ಟು, ಅಳತೆಯ ಜೊತೆಗೆ ತೂಕವನ್ನೂ ಸರಿಯಾಗಿ ಬರೆಯುವಂತೆ ತಯಾರಕರಿಗೆ ಸೂಚಿಸಿತು. ಈಗ ಪೌಚಿನ ಮೇಲೆ ಲೀಟರ್ ಪಕ್ಕದಲ್ಲಿ ಗ್ರಾಂ ಕೂಡ ಕಾಣುವುದರಿಂದ ಕೊಳ್ಳುವವರಿಗೆ ಕೆಲಸ ಹಗುರವಾಗಿದೆ. ಆ ಗ್ರಾಂ ಅಂಕಿಯನ್ನೇ ಹಿಡಿಯಬೇಕು.

ಒಂದೇ ಗುಣಮಟ್ಟದ ಶೇಂಗಾ ಎಣ್ಣೆ ಐದು ರೂಪದಲ್ಲಿ ಸಿಗುತ್ತಿದೆ ಎಂದುಕೊಂಡು ಲೆಕ್ಕ ಮಾಡೋಣ.

| ಪ್ಯಾಕ್ | ಕೊಡುವ ಹಣ (ರೂ.) | ಎಣ್ಣೆಯ ತೂಕ (ಕೆಜಿ) | ಕೆಜಿಗೆ (ರೂ.) |
|---|---|---|---|
| 850 ಗ್ರಾಂ ಪೌಚು | 172 | 0.85 | 202.35 |
| 1 ಲೀಟರ್ ಪೌಚು | 182 | 0.91 | 200.00 |
| 5 ಲೀಟರ್ ಕ್ಯಾನು | 925 | 4.55 | 203.30 |
| 15 ಲೀಟರ್ ಟಿನ್ನು | 2,700 | 13.65 | 197.80 |
| 15 ಕೆಜಿ ಟಿನ್ನು | 2,880 | 15.00 | 192.00 |

ಮೊದಲ ಎರಡು ಪೌಚುಗಳನ್ನು ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟಿದ್ದರೆ ಗಾತ್ರದಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಹತ್ತು ರೂಪಾಯಿ ಕಡಿಮೆ ಇರುವುದನ್ನೇ ಕೈ ಎತ್ತಿಕೊಳ್ಳುತ್ತದೆ, ಆದರೆ ಅದೇ ಕೆಜಿಗೆ ಎರಡು ರೂಪಾಯಿ ಚಿಲ್ಲರೆ ದುಬಾರಿ. ಐದು ಲೀಟರ್ ಕ್ಯಾನು ಪೌಚಿಗಿಂತ ತುಟ್ಟಿ ಇರುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಹಿಡಿಕೆ ಇರುವ ಗಟ್ಟಿ ಪ್ಲಾಸ್ಟಿಕ್ ಕ್ಯಾನಿಗೆ ತೆಳು ಪೌಚಿಗಿಂತ ಖರ್ಚು ಹೆಚ್ಚು. ರಿಯಾಯಿತಿ ಇಲ್ಲದ ದಿನ ಅದು ಬೆಲೆಯಲ್ಲಿ ಸೇರಿಕೊಂಡೇ ಇರುತ್ತದೆ. ಐದು ಪೌಚು ಕೊಂಡರೆ 910 ರೂಪಾಯಿ, ಅಷ್ಟೇ ಎಣ್ಣೆಯ ಕ್ಯಾನಿಗೆ 925.

ಹೆಚ್ಚು ಹಣ ತಪ್ಪಿಹೋಗುವುದು ಟಿನ್ನುಗಳಲ್ಲಿ. ಮದುವೆ, ಗೃಹಪ್ರವೇಶಕ್ಕೆಂದು ಮಂಡಿಪೇಟೆಯ ಅಂಗಡಿಗಳಲ್ಲಿ ಟಿನ್ನು ಕೊಳ್ಳುವವರು ಒಂದು ಕಡೆ 2,880, ಇನ್ನೊಂದು ಕಡೆ 2,700 ಎಂದು ಕೇಳಿದ ಕೂಡಲೇ 180 ರೂಪಾಯಿ ಉಳಿಯಿತು ಎಂದು ಎರಡನೆಯದನ್ನು ಹಿಡಿಯುತ್ತಾರೆ. ‘ಅಣ್ಣಾರೇ, ಇದು ಲೀಟರಾ ಕೆಜಿನಾ?’ ಎಂದು ಕೇಳಿದರೆ, ‘ಟಿನ್ನಿನ ಮ್ಯಾಲೆ ಹದಿನೈದು ಅಂತ ಐತಲ್ರೀ’ ಎಂಬ ಉತ್ತರ ಬರುವುದೂ ಉಂಟು. ಹದಿನೈದು ಎರಡರ ಮೇಲೂ ಇದೆ. ಅದರ ಮುಂದೆ ಬರೆದದ್ದು ಏನು ಎಂಬುದೇ ಪ್ರಶ್ನೆ. ಹದಿನೈದು ಲೀಟರ್ ಟಿನ್ನಿನಲ್ಲಿ ಎಣ್ಣೆ ಇರುವುದು 13.65 ಕೆಜಿ. ಕಡಿಮೆ ಬಿದ್ದ 1.35 ಕೆಜಿ ಎಣ್ಣೆಗೆ 192 ರೂಪಾಯಿಯ ದರದಲ್ಲಿ ಸುಮಾರು 259 ರೂಪಾಯಿ ಆಗುತ್ತದೆ. 180 ಉಳಿಸಲು ಹೋಗಿ 259 ರೂಪಾಯಿಯ ಎಣ್ಣೆ ಬಿಟ್ಟುಬಂದಂತಾಯಿತು. ಕೆಲವು ಟಿನ್ನುಗಳಲ್ಲಿ 13 ಕೆಜಿ ಎಂದೂ ಇರಬಹುದು, ಆದ್ದರಿಂದ ಟಿನ್ನಿನ ಆಕಾರ ನೋಡಿ ತೂಕ ಊಹಿಸಬಾರದು. ಟಿನ್ನನ್ನು ತಕ್ಕಡಿಗೆ ಹಾಕಿ ತೂಗಿ ತೋರಿಸಿದರೆ ಅದರಲ್ಲಿ ತಗಡಿನ ತೂಕವೂ ಸೇರಿರುತ್ತದೆ ಎಂಬುದನ್ನು ಮರೆಯಬಾರದು. ನಿವ್ವಳ ತೂಕ ಎಂದರೆ ಒಳಗಿನ ಎಣ್ಣೆ ಮಾತ್ರ.

ಗಾಣದ ಎಣ್ಣೆಯನ್ನು ರಿಫೈನ್ಡ್ ಪೌಚಿನ ಜೊತೆ ಹೋಲಿಸಬಾರದು, ಅದರ ಹದವೂ ರುಚಿಯೂ ಬೇರೆ. ಆದರೆ ಎರಡು ಗಾಣಗಳನ್ನು ಹೋಲಿಸುವಾಗ ಇದೇ ತೊಡಕು ಎದುರಾಗುತ್ತದೆ. ಒಂದು ಕಡೆ ಕೆಜಿಗೆ 260, ಇನ್ನೊಂದು ಕಡೆ ಲೀಟರ್‌ಗೆ 240 ಎಂದರೆ ಎರಡನೆಯದು ಕೆಜಿಗೆ ಸುಮಾರು 264 ಆಗುತ್ತದೆ, ಅಂದರೆ ಕೆಜಿ ಲೆಕ್ಕದ ಗಾಣವೇ ಸ್ವಲ್ಪ ಅಗ್ಗ. ನಿಮ್ಮದೇ ಕ್ಯಾನು ಒಯ್ಯುವುದಾದರೆ ಮೊದಲು ಖಾಲಿ ಕ್ಯಾನನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿಸಿ, ಆಮೇಲೆ ಎಣ್ಣೆ ಹಾಕಿಸಬೇಕು. ಅರ್ಧ ಕೆಜಿಯ ಸ್ಟೀಲ್ ಕ್ಯಾನನ್ನು ಕಳೆಯದೆ ಐದು ಕೆಜಿ ತೂಗಿದರೆ, ಕೆಜಿಗೆ 260 ಕೊಟ್ಟವರಿಗೆ ನಿಜವಾಗಿ ಬಿದ್ದದ್ದು 289. ಅಂದೇ ತೆಗೆದ ಎಣ್ಣೆಯಲ್ಲಿ ಗಸಿ ಇರುತ್ತದೆ, ಅದೂ ತೂಕಕ್ಕೆ ಬರುತ್ತದೆ. ಒಂದೆರಡು ದಿನ ನಿಂತು ತಿಳಿಯಾದ ಎಣ್ಣೆಯನ್ನು ಕೇಳಿ ಪಡೆಯುವುದು ಲೇಸು.

ತುಪ್ಪದಲ್ಲೂ ಇದೇ ಪ್ರಮಾಣ. ಬೆಣ್ಣೆ ದೋಸೆಯ ಊರಿನಲ್ಲಿ ಬೆಣ್ಣೆಯನ್ನು ತೂಕದಲ್ಲೇ ಕೊಳ್ಳುತ್ತೇವೆ, ಆದರೆ ಬಾಟಲಿಯ ತುಪ್ಪ ಕೆಲವು ಮಿಲಿಯಲ್ಲಿ, ಕೆಲವು ಗ್ರಾಂನಲ್ಲಿ ಇರುತ್ತವೆ. 500 ಮಿಲಿ ತುಪ್ಪ ಎಂದರೆ ಸುಮಾರು 455 ಗ್ರಾಂ. 500 ಮಿಲಿಗೆ 330 ರೂಪಾಯಿ, 500 ಗ್ರಾಂಗೆ 350 ರೂಪಾಯಿ ಇದ್ದರೆ ಮೊದಲನೆಯದು ಕೆಜಿಗೆ 725, ಎರಡನೆಯದು 700. ಜೇನುತುಪ್ಪ ಇದಕ್ಕೆ ತಿರುಗು, ಅದು ನೀರಿಗಿಂತ ಭಾರ. ಒಂದು ಲೀಟರ್ ಸುಮಾರು 1.4 ಕೆಜಿ ತೂಗುತ್ತದೆ. ಹಾಗಾಗಿ ಅಲ್ಲಿ 500 ಮಿಲಿಯ ಬಾಟಲಿಯಲ್ಲೇ 500 ಗ್ರಾಂ ಬಾಟಲಿಗಿಂತ ಹೆಚ್ಚು ಜೇನು ಇರುತ್ತದೆ.

ಬಿಡಿ ಸಾಮಾನು ಮತ್ತು ಕೆಡುವ ಸಾಮಾನು

ಕಿರಾಣಿ ಅಂಗಡಿಯ ಬಿಡಿ ಬೇಳೆಯನ್ನು ಪ್ಯಾಕೆಟ್ ಬೇಳೆಯ ಜೊತೆ ಹೋಲಿಸುವವರು ಆರಿಸಿ ಎಸೆಯುವುದನ್ನು ಕಳೆಯಬೇಕು. ಕೆಜಿಗೆ 150 ರೂಪಾಯಿಯ ಬಿಡಿ ಬೇಳೆಯಲ್ಲಿ ನುಚ್ಚು, ಹೊಟ್ಟು, ಕಲ್ಲು ಸೇರಿ 20 ಗ್ರಾಂ ಹೋದರೆ, ಅಡುಗೆಗೆ ಬಂದ ಬೇಳೆ ಕೆಜಿಗೆ 153 ಬಿತ್ತು. ಪ್ಯಾಕೆಟ್ 164 ಇದ್ದರೆ ಆಗಲೂ ಬಿಡಿಯದೇ ಅಗ್ಗ. ಒಳ್ಳೆಯ ಅಂಗಡಿಯಲ್ಲಿ ಬಿಡಿ ಬೇಳೆ ಕೊಳ್ಳುವುದರಲ್ಲಿ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಒಮ್ಮೆ ಕಾಲು ಕೆಜಿ ತಂದು, ಆರಿಸಿ, ಎಸೆದದ್ದನ್ನು ತೂಗಿ ನೋಡಿದರೆ ಆ ಅಂಗಡಿಯ ಲೆಕ್ಕ ಗೊತ್ತಾಗುತ್ತದೆ.

ದೊಡ್ಡ ಟಿನ್ನಿನ ಲೆಕ್ಕಕ್ಕೆ ಇದೇ ರೀತಿ ಕೆಡುವ ಪಾಲನ್ನು ಸೇರಿಸಬೇಕು. ಮೇಲಿನ ಪಟ್ಟಿಯಲ್ಲಿ 15 ಕೆಜಿ ಟಿನ್ನು ಒಂದು ಲೀಟರ್ ಪೌಚಿಗಿಂತ ಕೆಜಿಗೆ ಎಂಟು ರೂಪಾಯಿ ಅಗ್ಗ, ಅಂದರೆ ಇಡೀ ಟಿನ್ನಿಗೆ 120 ರೂಪಾಯಿ ಉಳಿತಾಯ. ತಿಂಗಳಿಗೆ ಮೂರು ಕೆಜಿ ಬಳಸುವ ಮನೆಯಲ್ಲಿ ಅದು ಐದು ತಿಂಗಳು ಬರುತ್ತದೆ. ಬಾಯಿ ತೆರೆದ ಟಿನ್ನಿನ ಎಣ್ಣೆ ಗಾಳಿ, ಬೆಳಕು, ಬೇಸಿಗೆಯ ಶಾಖಕ್ಕೆ ಸಿಕ್ಕಿ ಕೊನೆಯ ಹೊತ್ತಿಗೆ ಕಮಟು ವಾಸನೆ ಹಿಡಿಯಬಹುದು. ತಳದ ಒಂದು ಕೆಜಿ ಹಾಗೆ ಕೆಟ್ಟರೆ, 2,880 ರೂಪಾಯಿಗೆ ಬಳಸಿದ್ದು 14 ಕೆಜಿ, ಕೆಜಿಗೆ ಸುಮಾರು 206. ಪೌಚಿನ 200ಕ್ಕಿಂತ ದುಬಾರಿ. ಎಷ್ಟು ಕೆಟ್ಟರೆ ಉಳಿತಾಯ ಪೂರಾ ಹೋಗುತ್ತದೆ ಎಂದು ಮೊದಲೇ ತಿಳಿಯಲು, 120 ರೂಪಾಯಿ ಉಳಿತಾಯವನ್ನು ಪೌಚಿನ ಕೆಜಿ ದರವಾದ 200ರಿಂದ ಭಾಗಿಸಿದರೆ ಸಾಕು: 600 ಗ್ರಾಂ. ಕೂಡುಕುಟುಂಬಕ್ಕೆ, ಅಥವಾ ತಂದ ದಿನವೇ ಅಕ್ಕಪಕ್ಕದ ಎರಡು ಮೂರು ಮನೆಯವರು ಹಂಚಿಕೊಳ್ಳುವುದಕ್ಕೆ ಟಿನ್ನು ಸರಿ. ನಾಲ್ಕು ಜನರ ಮನೆಗೆ, 600 ಗ್ರಾಂ ಕೂಡ ಕೆಡುವುದಿಲ್ಲ ಎಂಬ ಭರವಸೆ ಇಲ್ಲದಿದ್ದರೆ, ಒಂದು ಲೀಟರ್ ಪೌಚನ್ನೇ ನಾನು ಆರಿಸುತ್ತೇನೆ.

ನಿವ್ವಳ ತೂಕವಾಗಲಿ, ಬರೆಯಲೇಬೇಕಾದ ಕಡೆ ಘಟಕದ ಬೆಲೆಯಾಗಲಿ ಇಲ್ಲದ ಪ್ಯಾಕೆಟ್ ಕಂಡರೆ, ಅಥವಾ ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ, ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲು ಮತ್ತು ಪ್ಯಾಕೆಟ್‌ನ ಅಚ್ಚು ಬಿದ್ದ ಭಾಗವನ್ನು ಎಸೆಯದೆ ಇಟ್ಟುಕೊಂಡಿದ್ದರೆ ದೂರಿಗೆ ಆಧಾರ ಇರುತ್ತದೆ.